ದೊಡ್ಡ ಸರ್ವರ್ ಸಾಕೇ, ಡೇಟಾಬೇಸ್ ಒಡೆಯಬೇಕೇ? ಔರಾದ್ ಪಹಣಿಯ ಲೆಕ್ಕ

ಔರಾದ್‌ನ ರೈತರೊಬ್ಬರು ಪಹಣಿ ತೆಗೆಸಬೇಕೆಂದರೆ ಕಂಪ್ಯೂಟರ್ ಮುಂದೆ ಕೂತವರು ಮೊದಲು ಕೇಳುವುದು ಹೆಸರನ್ನಲ್ಲ. ಜಿಲ್ಲೆ ಬೀದರ್, ತಾಲ್ಲೂಕು ಔರಾದ್, ಆಮೇಲೆ ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ. ಒಂದೊಂದೇ ಪಟ್ಟಿ ತೆರೆದು ಆರಿಸುತ್ತ ಹೋದ ಮೇಲೆ ಕೊನೆಗೆ ಮಾಲೀಕರ ಹೆಸರು, ವಿಸ್ತೀರ್ಣ, ಬೆಳೆ, ಸಾಲದ ವಿವರ ಪರದೆಗೆ ಬರುತ್ತದೆ. ಮನೆಯಲ್ಲೇ ಕೂತು ಮೊಬೈಲಿನಲ್ಲಿ ನೋಡಿದರೂ ಕ್ರಮ ಇದೇ. ಬೆಳೆಯುತ್ತಿರುವ ಡೇಟಾಬೇಸನ್ನು ಹಲವು ಯಂತ್ರಗಳಿಗೆ ಹಂಚಬೇಕೇ, ಹಂಚುವುದಾದರೆ ಯಾವ ಆಧಾರದ ಮೇಲೆ ಎಂದು ತಲೆ ಕೆಡಿಸಿಕೊಂಡಿರುವ ಸಾಫ್ಟ್‌ವೇರ್ ತಂಡಗಳಿಗೆ ಈ ಪರದೆಯೊಂದೇ ಅರ್ಧ ಉತ್ತರ ಕೊಡುತ್ತದೆ.

ಕರ್ನಾಟಕದ ‘ಭೂಮಿ’ ಯೋಜನೆ 2000ದ ಸುಮಾರಿಗೆ ಜನರ ಬಳಕೆಗೆ ಬಂದಾಗ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಸೇರಿದ್ದವು. ಅವೆಲ್ಲ ಬೆಂಗಳೂರಿನ ಒಂದೇ ದೊಡ್ಡ ಯಂತ್ರದಲ್ಲಿ ಇರಲಿಲ್ಲ. ಪ್ರತಿ ತಾಲ್ಲೂಕು ಕಚೇರಿಗೂ ಅದರದ್ದೇ ಸರ್ವರ್, ಅದರದ್ದೇ ಡೇಟಾಬೇಸ್ ಇತ್ತು. ಭಾಲ್ಕಿಯ ಪಹಣಿ ಭಾಲ್ಕಿಯಲ್ಲಿ, ಔರಾದ್‌ನ ಪಹಣಿ ಔರಾದ್‌ನಲ್ಲಿ. ಒಂದೇ ಬಗೆಯ ಕೋಷ್ಟಕಗಳನ್ನು ಹಲವು ಯಂತ್ರಗಳಲ್ಲಿ ಇಟ್ಟು, ಒಂದೊಂದು ಯಂತ್ರಕ್ಕೂ ಸಾಲುಗಳ ಒಂದೊಂದು ಪಾಲು ಕೊಡುವುದನ್ನೇ ಇಂದು ಶಾರ್ಡಿಂಗ್ ಎನ್ನುತ್ತಾರೆ. ಯಾವ ಸಾಲು ಯಾವ ಯಂತ್ರಕ್ಕೆ ಎಂದು ತೀರ್ಮಾನಿಸುವ ಕಾಲಂ ಶಾರ್ಡ್ ಕೀ. ಭೂಮಿಯಲ್ಲಿ ಆಗ ಆ ಕೆಲಸ ಮಾಡಿದ್ದು ತಾಲ್ಲೂಕು.

ಆದರೆ ಈ ಹಂಚಿಕೆ ದತ್ತಾಂಶದ ಭಾರ ತಾಳಲಾರದೆ ಆದದ್ದಲ್ಲ. ತಾಲ್ಲೂಕು ಕೇಂದ್ರಗಳಿಗೆ ನೆಚ್ಚಬಹುದಾದ ನೆಟ್‌ವರ್ಕ್ ಆಗ ಇರಲಿಲ್ಲ, ದಾಖಲೆಯ ಮೇಲಿನ ಅಧಿಕಾರವೂ ತಹಶೀಲ್ದಾರರದ್ದೇ. ಹಾಗಾಗಿ ಡೇಟಾಬೇಸ್ ಅವರ ಕಚೇರಿಯಲ್ಲೇ ಕೂತಿತು. ಸಂಪರ್ಕ ಸುಧಾರಿಸಿದ ಮೇಲೆ ತಾಲ್ಲೂಕುಗಳ ದತ್ತಾಂಶ ರಾಜ್ಯದ ಡೇಟಾ ಸೆಂಟರಿಗೆ ಬಂತು. ಒಡೆಯಲು ಇದ್ದ ಕಾರಣ ಹೋದಾಗ ಒಡೆದದ್ದನ್ನು ಒಂದೆಡೆ ತರುವುದೂ ಸರಿಯಾದ ತೀರ್ಮಾನವೇ. ಇಂದಿನ ತಂಡಗಳೂ ಮೊದಲು ಕೇಳಬೇಕಾದ್ದು ಇದನ್ನೇ: ಒಡೆಯಲು ನಮ್ಮ ಹತ್ತಿರ ನಿಜವಾಗಿ ಇರುವ ಕಾರಣ ಯಾವುದು?

ಮೊದಲು ಪೆನ್ನು-ಕಾಗದ

ಒಂದು ಲೆಕ್ಕ ಹಾಕಿ ನೋಡೋಣ. ಮುಂಗಾರಿನಲ್ಲಿ ಹೊಲಹೊಲಕ್ಕೂ ಹೋಗಿ ಬೆಳೆ ದಾಖಲಿಸುವ ಒಂದು ಆ್ಯಪ್ ಇದೆ ಎಂದುಕೊಳ್ಳಿ. ಔರಾದ್‌ನಲ್ಲಿ ಸೋಯಾ, ಭಾಲ್ಕಿಯಲ್ಲಿ ತೊಗರಿ, ಬೀದರ್ ಸುತ್ತ ಉದ್ದು, ಹೆಸರು. ರಾಜ್ಯದಾದ್ಯಂತ 2 ಕೋಟಿ ತಾಕುಗಳು, ಒಂದು ಹಂಗಾಮಿಗೆ ತಾಕಿಗೊಂದು ಸಾಲು. ಫೋಟೊಗಳನ್ನು ಡೇಟಾಬೇಸಿನೊಳಗೆ ತುಂಬದೆ ಬೇರೆ ಕಡತ ಸಂಗ್ರಹದಲ್ಲಿಟ್ಟು ಅದರ ವಿಳಾಸವನ್ನಷ್ಟೇ ಬರೆದರೆ, ಇಂಡೆಕ್ಸೂ ಸೇರಿ ಒಂದು ಸಾಲಿಗೆ 2 ಕೆಬಿ ಹಿಡಿಯೋಣ. ಒಂದು ಹಂಗಾಮಿಗೆ 40 ಜಿಬಿ. ಮುಂಗಾರು, ಹಿಂಗಾರು, ಬೇಸಿಗೆ ಮೂರೂ ಸೇರಿ ವರ್ಷಕ್ಕೆ 120 ಜಿಬಿ, ಐದು ವರ್ಷಕ್ಕೆ 600 ಜಿಬಿ.

ಬರೆಯುವ ವೇಗವನ್ನೂ ನೋಡಬೇಕು. 45 ದಿನಗಳ ಕಾಲ ದಿನಕ್ಕೆ 10 ಗಂಟೆ ಸಮೀಕ್ಷೆ ನಡೆದರೆ ಒಟ್ಟು ಸುಮಾರು 16 ಲಕ್ಷ ಸೆಕೆಂಡುಗಳು ಸಿಗುತ್ತವೆ. 2 ಕೋಟಿ ಸಾಲುಗಳನ್ನು ಅದರಲ್ಲಿ ಹಂಚಿದರೆ ಸರಾಸರಿ ಸೆಕೆಂಡಿಗೆ 12 ಸಾಲು. ಕೊನೆಯ ದಿನ ಎಲ್ಲರೂ ಒಟ್ಟಿಗೆ ಮುಗಿಬಿದ್ದು ಹತ್ತು ಪಟ್ಟು ಒತ್ತಡ ಬಂದರೂ ಸುಮಾರು 120. ಒಳ್ಳೆಯ ಎಸ್‌ಎಸ್‌ಡಿ ಇರುವ ಒಂದು ಸಾಮಾನ್ಯ ಸರ್ವರ್ ಸೆಕೆಂಡಿಗೆ ಇಂಥ ಸಾವಿರಾರು ಬರಹಗಳನ್ನು ತಡೆದುಕೊಳ್ಳುತ್ತದೆ.

ಇಡೀ ರಾಜ್ಯದ ಹೊಲಗಳ ದಾಖಲೆ ಒಂದೇ ಯಂತ್ರದಲ್ಲಿ ಸುಖವಾಗಿ ಕೂರುತ್ತದೆ! ಬೀದರ್ ಜಿಲ್ಲೆಯೊಂದಕ್ಕೆ ಸೇವೆ ಕೊಡುವ ತಂಡವಂತೂ ಶಾರ್ಡಿಂಗ್ ಮಾತೆತ್ತಬೇಕಾಗಿಯೇ ಇಲ್ಲ. ಲೆಕ್ಕ ಬದಲಾಗುವುದು ಕೆಲಸದ ಸ್ವರೂಪ ಬದಲಾದಾಗ. ಅದೇ ಆ್ಯಪ್ 10 ಲಕ್ಷ ಮೊಬೈಲುಗಳಿಂದ 10 ಸೆಕೆಂಡಿಗೊಮ್ಮೆ ಸ್ಥಳ ಮಾಹಿತಿ ತರಿಸಿಕೊಂಡು ಸಾಲಿಗೊಂದರಂತೆ ಬರೆಯತೊಡಗಿದರೆ ಸೆಕೆಂಡಿಗೆ 1 ಲಕ್ಷ ಬರಹ. ಅಲ್ಲಿ ಒಂದು ಯಂತ್ರದ ಮೇಲೆ ಭರವಸೆ ಇಡಲಾಗದು.

ದೊಡ್ಡ ಸರ್ವರಿನ ಮಿತಿ ಬಹಳ ಮಂದಿ ಅಂದುಕೊಂಡದ್ದಕ್ಕಿಂತ ತುಂಬ ದೂರದಲ್ಲಿದೆ. ಪ್ರಪಂಚದ ಪ್ರೋಗ್ರಾಮರುಗಳೆಲ್ಲ ಎಡತಾಕುವ ಸ್ಟ್ಯಾಕ್ ಓವರ್‌ಫ್ಲೋ ತಾಣ 2016ರಲ್ಲಿ ತನ್ನ ಯಂತ್ರಗಳ ವಿವರ ಬಹಿರಂಗಪಡಿಸಿದಾಗ ಅದರ ಮುಖ್ಯ ಡೇಟಾಬೇಸ್ ಸರ್ವರಿನಲ್ಲಿ ಇದ್ದದ್ದು 384 ಜಿಬಿ ರ‍್ಯಾಮ್. ಇಂದು ಅಮೆಜಾನ್ ಬಾಡಿಗೆಗೆ ಕೊಡುವ ಅತಿ ದೊಡ್ಡ ಯಂತ್ರಗಳಲ್ಲಿ ರ‍್ಯಾಮೇ 32 ಟಿಬಿ ಮುಟ್ಟಿದೆ. ಅಂಥದಕ್ಕೆ ಬಾಡಿಗೆ ದುಬಾರಿ, ನಿಜ. ಆದರೆ ಒಡೆದ ಡೇಟಾಬೇಸನ್ನು ವರ್ಷಗಟ್ಟಲೆ ಸಾಕಲು ಬೇಕಾಗುವ ಎಂಜಿನಿಯರುಗಳ ಸಂಬಳವನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಕು. ಮೂರ್ನಾಲ್ಕು ಜನರ ತಂಡಕ್ಕೆ ಬಹುಪಾಲು ಸಲ ದೊಡ್ಡ ಯಂತ್ರವೇ ಅಗ್ಗ.

ಒಂದು ಯಂತ್ರ ಸಾಲದಾಗುವ ಕುರುಹು

ಸರ್ವರ್ ನಿಧಾನವಾಯಿತು ಎನ್ನುವುದೊಂದೇ ಕುರುಹಲ್ಲ. ನಿಧಾನಕ್ಕೆ ಹೆಚ್ಚಿನ ಸಲ ಕಾರಣ ಇಲ್ಲದ ಇಂಡೆಕ್ಸ್, ಅಥವಾ ಹತ್ತು ವರ್ಷದ ದತ್ತಾಂಶವನ್ನೆಲ್ಲ ಜಾಲಾಡುವ ಒಂದು ವರದಿ. ಪೋಸ್ಟ್‌ಗ್ರೆಸ್ ಬಳಸುವವರು `pg_stat_statements` ತೆರೆದು ಅತಿ ಹೆಚ್ಚು ಸಮಯ ನುಂಗುವ ಐದಾರು ಪ್ರಶ್ನೆಗಳನ್ನು ಸರಿಪಡಿಸಿದರೆ ಅನೇಕ ಸಲ ಅಲ್ಲಿಗೇ ಸಮಸ್ಯೆ ಮುಗಿಯುತ್ತದೆ. ಓದುವ ಒತ್ತಡ ಹೆಚ್ಚಿದ್ದರೆ ರೆಪ್ಲಿಕಾ ಸರ್ವರ್ ಇಟ್ಟು ಓದನ್ನು ಅತ್ತ ಕಳುಹಿಸಬಹುದು. ಹಳೆಯ ಹಂಗಾಮುಗಳ ಸಾಲುಗಳನ್ನು ಅದೇ ಯಂತ್ರದೊಳಗೆ ಬೇರೆ ವಿಭಾಗಗಳಿಗೆ ಸರಿಸಬಹುದು. ಇವೆಲ್ಲ ಮುಗಿದ ಮೇಲೂ ಉಳಿಯುವ ತೊಂದರೆಗಳೇ ಶಾರ್ಡಿಂಗ್‌ನತ್ತ ಕೈ ತೋರಿಸುವಂಥವು.

ಮೊದಲನೆಯದು ಬರೆಯುವ ಒತ್ತಡ. ರೆಪ್ಲಿಕಾ ಸರ್ವರುಗಳನ್ನು ಎಷ್ಟೇ ಹೆಚ್ಚಿಸಿದರೂ ಬರಹವೆಲ್ಲ ಮುಖ್ಯ ಯಂತ್ರದ ಮೂಲಕವೇ ಹೋಗಬೇಕು. ದಿನದ ಬಿಡುವಿನ ಹೊತ್ತಿನಲ್ಲೂ ರೆಪ್ಲಿಕಾ ಸರ್ವರುಗಳು ಮುಖ್ಯ ಯಂತ್ರಕ್ಕಿಂತ ನಿಮಿಷಗಟ್ಟಲೆ ಹಿಂದೆ ಬೀಳುತ್ತಿದ್ದರೆ ಅದು ಎಚ್ಚರಿಕೆ. ಎರಡನೆಯದು ನಿರ್ವಹಣೆ. ಪೋಸ್ಟ್‌ಗ್ರೆಸ್ ಪ್ರತಿ ಬರಹದ ವ್ಯವಹಾರಕ್ಕೂ ಕ್ರಮಸಂಖ್ಯೆ ಕೊಡುತ್ತದೆ. ಹಳೆಯ ಸಾಲುಗಳನ್ನು ವ್ಯಾಕ್ಯೂಮ್ ಕೆಲಸ ಕಾಲಕಾಲಕ್ಕೆ ಸ್ವಚ್ಛಮಾಡದಿದ್ದರೆ 200 ಕೋಟಿ ವ್ಯವಹಾರಗಳ ಆಸುಪಾಸಿನಲ್ಲಿ ಡೇಟಾಬೇಸ್ ಹೊಸ ಬರಹವನ್ನೇ ನಿಲ್ಲಿಸಿಬಿಡುತ್ತದೆ. ಎಲ್ಲಿದ್ದೇವೆಂದು ತಿಳಿಯಲು ಇಷ್ಟು ಸಾಕು:

```sql
SELECT datname, age(datfrozenxid)
FROM pg_database;
```

ಈ ಸಂಖ್ಯೆ 20 ಕೋಟಿ ದಾಟಿದಾಗ ಸ್ವಯಂಚಾಲಿತ ವ್ಯಾಕ್ಯೂಮ್ ತಾನೇ ಎದ್ದು ಕೆಲಸ ಮಾಡಿ ಇಳಿಸಬೇಕು. ವಾರದಿಂದ ವಾರಕ್ಕೆ ಏರುತ್ತಲೇ ಇದ್ದರೆ, ಯಂತ್ರ ಬರೆಯುವಷ್ಟು ವೇಗದಲ್ಲಿ ತನ್ನನ್ನು ತಾನು ಗುಡಿಸಿಕೊಳ್ಳಲಾಗುತ್ತಿಲ್ಲ ಎಂದರ್ಥ. ಟಿಪ್ಪಣಿ, ಕಡತ ನಿರ್ವಹಣೆಯ ‘ನೋಷನ್’ ಸಂಸ್ಥೆ 2021ರಲ್ಲಿ ತನ್ನ ಪೋಸ್ಟ್‌ಗ್ರೆಸನ್ನು ಒಡೆಯಲು ಮುಖ್ಯ ಕಾರಣ ಇದೇ. ಡಿಸ್ಕಿನಲ್ಲಿ ಜಾಗವಿದ್ದರೂ ವ್ಯಾಕ್ಯೂಮ್ ಪದೇ ಪದೇ ಸ್ಥಗಿತಗೊಳ್ಳತೊಡಗಿತ್ತು.

ಮೂರನೆಯದು ಯಾರೂ ಮೊದಲೇ ಅಳೆಯದಿರುವಂಥದು: ಬ್ಯಾಕಪ್ಪಿನಿಂದ ಮರುಸ್ಥಾಪಿಸಲು ಹಿಡಿಯುವ ಸಮಯ. ಸೆಕೆಂಡಿಗೆ 200 ಎಂಬಿ ವೇಗ ಸಿಕ್ಕರೆ 600 ಜಿಬಿ ಮರಳಿ ತರಲು 50 ನಿಮಿಷ, 4 ಟಿಬಿಗೆ ಐದೂವರೆ ಗಂಟೆ. ಇಂಡೆಕ್ಸುಗಳನ್ನು ಹೊಸದಾಗಿ ಕಟ್ಟಬೇಕಾದರೆ ಇನ್ನೂ ಹೆಚ್ಚು. ಪಹಣಿ ಕೇಂದ್ರದ ಮುಂದೆ ಜನ ಸಾಲು ನಿಂತಿರುವಾಗ ಅಷ್ಟು ಹೊತ್ತು ಕಾಯಿಸಲು ಆಗುತ್ತದೆಯೇ ಎಂಬುದನ್ನು ಎಂಜಿನಿಯರುಗಳಷ್ಟೇ ಅಲ್ಲ, ಸೇವೆ ನಡೆಸುವವರೂ ಕೂತು ತೀರ್ಮಾನಿಸಬೇಕು. ಆಗುವುದಿಲ್ಲ ಎಂದಾದರೆ ಚಿಕ್ಕ ಚಿಕ್ಕ ಪಾಲುಗಳಾಗಿ ಒಡೆಯುವುದಕ್ಕೆ ಗಟ್ಟಿ ಕಾರಣ ಸಿಕ್ಕಂತೆ.

ಕೀ ಯಾವುದು?

ಸರಿ, ಒಡೆಯಲೇಬೇಕಾಗಿದೆ ಎಂದುಕೊಳ್ಳೋಣ. ನಮ್ಮ ಹೊಲದ ದಾಖಲೆಗೆ ಶಾರ್ಡ್ ಕೀ ಯಾವುದಾಗಬೇಕು? ಮೊದಲು ಹೊಳೆಯುವುದು ದಿನಾಂಕ. ಈ ವರ್ಷದ್ದು ಒಂದು ಯಂತ್ರಕ್ಕೆ, ಹೋದ ವರ್ಷದ್ದು ಇನ್ನೊಂದಕ್ಕೆ. ಹೀಗೆ ಮಾಡಿದರೆ ಇವತ್ತಿನ ಬರಹಗಳೆಲ್ಲ ಒಂದೇ ಯಂತ್ರದ ಮೇಲೆ ಬೀಳುತ್ತವೆ, ಉಳಿದವು ಬೆಚ್ಚಗೆ ಕೂತಿರುತ್ತವೆ. ಬರೆಯುವ ಒತ್ತಡ ತಾಳಲಾರದೆ ಒಡೆದದ್ದು ಎಂದ ಮೇಲೆ ಇದರಿಂದ ಏನೂ ದಕ್ಕಲಿಲ್ಲ.

ತಾಲ್ಲೂಕು? ಪ್ರತಿ ಪಹಣಿ ಪ್ರಶ್ನೆಯಲ್ಲೂ ತಾಲ್ಲೂಕು ಇದ್ದೇ ಇರುತ್ತದೆ, ಹಾಗಾಗಿ ಪ್ರಶ್ನೆ ನೇರವಾಗಿ ಸರಿಯಾದ ಯಂತ್ರಕ್ಕೇ ಹೋಗುತ್ತದೆ. ತಹಶೀಲ್ದಾರರಿಗೆ ಬೇಕಾದ ವರದಿಯೂ ಒಂದೇ ಕಡೆ ಸಿಗುತ್ತದೆ. ಆದರೆ ಬೀದರ್ ಜಿಲ್ಲೆಯ ಈಚಿನ ಇತಿಹಾಸವೇ ಇದರ ವಿರುದ್ಧ ಸಾಕ್ಷಿ ಹೇಳುತ್ತದೆ. ದಶಕಗಳ ಕಾಲ ಜಿಲ್ಲೆಯಲ್ಲಿದ್ದದ್ದು ಐದು ತಾಲ್ಲೂಕುಗಳು: ಬೀದರ್, ಭಾಲ್ಕಿ, ಔರಾದ್, ಬಸವಕಲ್ಯಾಣ, ಹುಮನಾಬಾದ್. 2018ರ ಸುಮಾರಿಗೆ ಕಮಲನಗರ, ಹುಲಸೂರು, ಚಿಟಗುಪ್ಪ ಹೊಸ ತಾಲ್ಲೂಕುಗಳಾದವು. ಔರಾದ್‌ನಲ್ಲಿದ್ದ ಕಮಲನಗರದ ಸುತ್ತಲಿನ ಹಳ್ಳಿಗಳ ತಾಲ್ಲೂಕು ಹೆಸರು ಬದಲಾಯಿತು. ಒಂದು ಗುಂಟೆ ಹೊಲವೂ ಅತ್ತಿತ್ತ ಸರಿಯಲಿಲ್ಲ.

ತಾಲ್ಲೂಕೇ ಶಾರ್ಡ್ ಕೀ ಆಗಿದ್ದರೆ ಆಗ ಏನಾಗುತ್ತದೆ? ಕಮಲನಗರದ ಹಳ್ಳಿಗಳ ಪ್ರತಿ ಸಾಲನ್ನೂ ಔರಾದ್ ಯಂತ್ರದಿಂದ ತೆಗೆದು ಬೇರೆಡೆ ಬರೆಯಬೇಕು, ಕೀ ಬದಲಿಸಬೇಕು. ಆ ನಡುವೆ ಯಾರಾದರೂ ಹಕ್ಕು ಬದಲಾವಣೆಗೆ ಅರ್ಜಿ ಹಾಕಿದ್ದರೆ ಅದು ಹಳೆಯ ಯಂತ್ರದಲ್ಲಿ ಉಳಿಯದಂತೆ ಕಾಯಬೇಕು. ಶಾರ್ಡ್ ಕೀಯ ಮೌಲ್ಯ ಬದಲಾಗುವುದೆಂದರೆ ಆ ಸಾಲು ಯಂತ್ರದಿಂದ ಯಂತ್ರಕ್ಕೆ ಗುಳೆ ಹೋಗಬೇಕೆಂದೇ ಅರ್ಥ. ಹಾಗಾಗಿ ಸರ್ಕಾರದ ಒಂದು ಅಧಿಸೂಚನೆಯಿಂದ ಬದಲಾಗಬಹುದಾದ ಯಾವುದನ್ನೂ ಕೀ ಮಾಡಬಾರದು. ಮೊಬೈಲ್ ನಂಬರಿಗೂ, ಗ್ರಾಹಕರ ವರ್ಗಕ್ಕೂ, ಅರ್ಜಿಯ ಹಂತಕ್ಕೂ ಇದೇ ಮಾತು.

ಹಳ್ಳಿ ಹಾಗಲ್ಲ. ತಾಲ್ಲೂಕು ಬದಲಾದರೂ ಹಳ್ಳಿ ಅದೇ ಹಳ್ಳಿ, ಅದರ ಸರ್ವೆ ನಂಬರುಗಳೂ ಅವೇ. ಇಲ್ಲೊಂದು ಸೂಕ್ಷ್ಮವಿದೆ. ಜಿಲ್ಲೆ-ತಾಲ್ಲೂಕು-ಹೋಬಳಿ-ಗ್ರಾಮ ಎಂದು ಮೇಲಿನಿಂದ ಜೋಡಿಸಿದ ಸಂಕೇತವನ್ನು ಕೀ ಮಾಡಿದರೆ ತಾಲ್ಲೂಕಿನ ಸಮಸ್ಯೆ ಹಿಂದಿನ ಬಾಗಿಲಿಂದ ಮತ್ತೆ ಒಳಗೆ ಬರುತ್ತದೆ, ಯಾಕೆಂದರೆ ಅದರೊಳಗೆ ತಾಲ್ಲೂಕು ಅಡಗಿದೆ. ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಪ್ರತಿ ಗ್ರಾಮಕ್ಕೂ ಅದರದ್ದೇ ಆದ ಒಂದು ಸಂಖ್ಯೆ ಕೊಟ್ಟಿದೆ. ಮೇಲಿನ ತಾಲ್ಲೂಕು ಯಾವುದೆಂಬುದು ಆ ಸಂಖ್ಯೆಯ ಒಳಗೆ ಹೆಣೆದುಕೊಂಡಿಲ್ಲ. ಕೀ ಆಗಬೇಕಾದ್ದು ಅದು. ತಾಲ್ಲೂಕು ಬರಿಯ ಇನ್ನೊಂದು ಕಾಲಂ ಆಗಿ ಉಳಿಯಲಿ, ಅಧಿಸೂಚನೆ ಬಂದ ದಿನ ಅದನ್ನಷ್ಟೇ ತಿದ್ದಿದರಾಯಿತು.

ಹಳ್ಳಿಯನ್ನು ಆರಿಸಲು ಇದಕ್ಕಿಂತ ದೊಡ್ಡ ಕಾರಣವೊಂದಿದೆ. ಕಂದಾಯ ಇಲಾಖೆಯ ಕೆಲಸವೇ ಹಳ್ಳಿವಾರು ನಡೆಯುತ್ತದೆ. ಮ್ಯುಟೇಶನ್‌ಗೆ ಕೊಡುವ ಎಂ.ಆರ್. ನಂಬರ್ ಗ್ರಾಮಕ್ಕೆ ಸೇರಿದ್ದು. ಅದರ ಸ್ಥಿತಿ ಹುಡುಕುವವರೂ ಗ್ರಾಮ ಆರಿಸಿಯೇ ಹುಡುಕುತ್ತಾರೆ. ಅಣ್ಣತಮ್ಮಂದಿರು ಹೊಲ ಭಾಗ ಮಾಡಿಕೊಂಡಾಗ ಹಳೆಯ ಹಿಸ್ಸಾ ಅಳಿದು ಹೊಸ ಹಿಸ್ಸಾಗಳು ಹುಟ್ಟುತ್ತವೆ. ಈ ಬದಲಾವಣೆಗಳು ಒಂದೋ ಎಲ್ಲವೂ ಆಗಬೇಕು, ಇಲ್ಲವೇ ಯಾವುದೂ ಆಗಬಾರದು. ಅವೆಲ್ಲ ಒಂದೇ ಹಳ್ಳಿಯ ಸಾಲುಗಳಾದ್ದರಿಂದ ಒಂದೇ ಯಂತ್ರದಲ್ಲಿರುತ್ತವೆ, ಮಾಮೂಲಿ ಟ್ರಾನ್ಸಾಕ್ಷನ್ ಸಾಕಾಗುತ್ತದೆ. ಎರಡು ಯಂತ್ರಗಳನ್ನು ಒಟ್ಟಿಗೆ ಬದಲಿಸುವ ಎರಡು ಹಂತದ ಒಪ್ಪಂದ ಬೇಕಾಗುವ ಕಡೆಯೆಲ್ಲ ಕೆಲಸ ನಿಧಾನ. ನಡುವೆ ಒಂದು ಯಂತ್ರ ಕುಸಿದರೆ ಇನ್ನೊಂದರಲ್ಲಿ ಬೀಗ ಬಿದ್ದ ಸಾಲುಗಳು ಹಾಗೆಯೇ ಕಾಯುತ್ತ ನಿಲ್ಲುತ್ತವೆ. ಒಟ್ಟಿಗೆ ಬದಲಾಗಬೇಕಾದ ಸಾಲುಗಳನ್ನು ಒಟ್ಟಿಗೆ ಇಡುವ ಕೀ ಬೇರೆಲ್ಲ ಗುಣಗಳಿಗಿಂತ ಮೇಲು.

ಈಗ ಹಳ್ಳಿಗಳನ್ನು ಯಂತ್ರಗಳಿಗೆ ಹಂಚುವ ಬಗೆ. ಕರ್ನಾಟಕದಲ್ಲಿರುವುದು ಸುಮಾರು 29 ಸಾವಿರ ಹಳ್ಳಿಗಳು, ಬೀದರ್ ಜಿಲ್ಲೆಯಲ್ಲಿ ಆರುನೂರರ ಆಸುಪಾಸು. ಇಷ್ಟು ಚಿಕ್ಕ ಪಟ್ಟಿಗೆ ಹ್ಯಾಶ್ ಸೂತ್ರದ ಗೊಡವೆ ಬೇಡ. ಯಾವ ಹಳ್ಳಿ ಎಲ್ಲಿದೆ ಎಂದು ಬರೆದಿಟ್ಟ ಒಂದು ಕೋಷ್ಟಕ ಸಾಕು:

```sql
CREATE TABLE shard_map (
  village_id int PRIMARY KEY,
  host       text NOT NULL
);
```

ಇಡೀ ಕೋಷ್ಟಕ ಆ್ಯಪ್ ಸರ್ವರಿನ ನೆನಪಿನಲ್ಲೇ ಹಿಡಿಯುತ್ತದೆ. ಔರಾದ್ ಮತ್ತು ಕಮಲನಗರದ ಹಳ್ಳಿಗಳನ್ನು ಬೇಕೆಂದರೆ ಒಂದೇ ಯಂತ್ರದಲ್ಲಿ ಇಡಬಹುದು, ತಾಲ್ಲೂಕು ವರದಿ ಆಗಲೂ ಸಲೀಸು. ಮುಂದೆ ಭಾರ ಹೆಚ್ಚಿದರೆ ಹಳ್ಳಿ ಹಳ್ಳಿಯಾಗಿ ಬೇರೆಡೆ ಸಾಗಿಸಿ ಒಂದೊಂದೇ ಸಾಲು ತಿದ್ದಬಹುದು. ಕೀ ಬಳಕೆದಾರರ ಸಂಖ್ಯೆಯಾಗಿದ್ದು ಅವರು ಕೋಟಿಗಟ್ಟಲೆ ಇದ್ದರೆ ಮಾತ್ರ ಹ್ಯಾಶ್ ದಾರಿ ಸರಿ. ನೋಷನ್ ಹಾಗೆ ಮಾಡಿತು: ಕಾರ್ಯಕ್ಷೇತ್ರದ ಐಡಿಯನ್ನು ಕೀ ಮಾಡಿ 480 ಚಿಕ್ಕ ಪಾಲುಗಳಾಗಿ ವಿಂಗಡಿಸಿ, 32 ಡೇಟಾಬೇಸುಗಳಲ್ಲಿ ತಲಾ 15ರಂತೆ ಇಟ್ಟಿತು. 480 ಸಂಖ್ಯೆಯನ್ನು 32, 40, 48, 60 ಎಲ್ಲವೂ ನಿಶ್ಶೇಷವಾಗಿ ಭಾಗಿಸುತ್ತವೆ. ಹಾಗಾಗಿ ಯಂತ್ರಗಳು ಹೆಚ್ಚಿದಾಗ ಇಡೀ ಪಾಲುಗಳನ್ನೇ ಎತ್ತಿಡಬಹುದು, ಪಾಲಿನೊಳಗಿನ ಸಾಲುಗಳನ್ನು ಬಿಡಿಸಬೇಕಿಲ್ಲ. ಯಂತ್ರ ನಾಲ್ಕೇ ಇದ್ದರೂ ಪಾಲು ನೂರಾರು ಇರಲಿ ಎಂಬುದು ಎರಡೂ ದಾರಿಗಳಲ್ಲಿ ಸಮಾನ.

ಹಳ್ಳಿ ಕೀಗೆ ಒಂದು ಬೆಲೆ ತೆರಲೇಬೇಕು. ಭಾಲ್ಕಿ ತಾಲ್ಲೂಕಿನಲ್ಲಿ ನಾಲ್ಕು ಎಕರೆ, ಔರಾದ್ ತಾಲ್ಲೂಕಿನಲ್ಲಿ ಎರಡು ಎಕರೆ ಇರುವ ರೈತರೊಬ್ಬರು ‘ನನ್ನ ಹೊಲಗಳೆಲ್ಲ ಎಲ್ಲಿವೆ’ ಎಂದು ಕೇಳಿದರೆ ಪ್ರಶ್ನೆಯಲ್ಲಿ ಹಳ್ಳಿಯೇ ಇಲ್ಲ. ಎಲ್ಲ ಯಂತ್ರಗಳನ್ನೂ ಕೇಳಿ ಉತ್ತರ ಒಟ್ಟುಗೂಡಿಸಬೇಕು, ಅತಿ ನಿಧಾನದ ಯಂತ್ರ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ಕಾಯಬೇಕು. ಪರಿಹಾರವೆಂದರೆ ರೈತರ ಗುರುತಿನ ಸಂಖ್ಯೆಯಿಂದ ಹಳ್ಳಿ ಮತ್ತು ಸರ್ವೆ ನಂಬರಿಗೆ ದಾರಿ ತೋರಿಸುವ ಇನ್ನೊಂದು ಚಿಕ್ಕ ಪಟ್ಟಿ. ರಾಜ್ಯದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಎಫ್‌ಐಡಿ ನಂಬರಿನ ಕೆಳಗೆ ಒಬ್ಬ ರೈತರ ಬೇರೆ ಬೇರೆ ಕಡೆಯ ಜಮೀನುಗಳನ್ನು ಸೇರಿಸಿರುವುದು ಇಂಥದೇ ಉಪಯೋಗಕ್ಕೆ ಬರುವ ನೋಂದಣಿ. ಈ ಪಟ್ಟಿ ಕೆಲವು ಸೆಕೆಂಡು ಹಿಂದೆ ಬಿದ್ದರೂ ನಡೆಯುತ್ತದೆ. ಹಕ್ಕಿನ ಮೂಲ ದಾಖಲೆ ಹಳ್ಳಿಯ ಶಾರ್ಡಿನಲ್ಲಿ ಭದ್ರವಾಗಿರುತ್ತದೆ.

ತಡಮಾಡಿದವರ ಪಾಡು

ಕೀ ಸರಿಯಿದ್ದರೂ ಪಾಲು ಸಮನಾಗಿಯೇ ಬೆಳೆಯುತ್ತದೆ ಎಂದು ನಂಬಿ ಕೂರುವಂತಿಲ್ಲ. 2010ರ ಅಕ್ಟೋಬರ್ 4ರಂದು ‘ಫೋರ್‌ಸ್ಕ್ವೇರ್’ ಸೇವೆ 11 ಗಂಟೆ ಕಾಲ ನಿಂತುಹೋಯಿತು. ಬಳಕೆದಾರರು ತಾವಿರುವ ಜಾಗ ದಾಖಲಿಸುವ ಆ ಸೇವೆಯ ಮಾಂಗೋಡಿಬಿ ದತ್ತಾಂಶ ಬಳಕೆದಾರರ ಐಡಿಯ ಮೇಲೆ ಎರಡು ಯಂತ್ರಗಳಿಗೆ ಹಂಚಿಕೆಯಾಗಿತ್ತು, ಪ್ರತಿಯೊಂದಕ್ಕೂ 66 ಜಿಬಿ ರ‍್ಯಾಮ್. ಒಂದು ಯಂತ್ರದ ದತ್ತಾಂಶ 50 ಜಿಬಿಯಲ್ಲಿದ್ದಾಗ ಇನ್ನೊಂದರದ್ದು 67 ಮುಟ್ಟಿತು. ರ‍್ಯಾಮಿಗಿಂತ ಒಂದೇ ಒಂದು ಜಿಬಿ ಹೆಚ್ಚು! ಆ ಕ್ಷಣದಿಂದ ಓದಲು ಮತ್ತೆ ಮತ್ತೆ ಡಿಸ್ಕಿಗೆ ಹೋಗಬೇಕಾಗಿ ಕೋರಿಕೆಗಳ ಸಾಲು ಬೆಳೆಯಿತು, ಆ ಯಂತ್ರ ಕುಸಿಯಿತು, ಅದರ ಜೊತೆಗೆ ಸೇವೆಯೂ.

ತಂಡ ಅವಸರದಲ್ಲಿ ಮೂರನೆಯ ಯಂತ್ರ ಸೇರಿಸಿ ಶೇ 5ರಷ್ಟು ದತ್ತಾಂಶ ಅತ್ತ ಸಾಗಿಸಿತು. ಆದರೂ ತುಂಬಿಹೋಗಿದ್ದ ಯಂತ್ರದ ರ‍್ಯಾಮಿಗೆ ಉಸಿರಾಡಲು ಜಾಗ ಸಿಗಲಿಲ್ಲ. ಯಾಕೆಂದರೆ ರ‍್ಯಾಮ್ 4 ಕೆಬಿಯ ಪುಟಗಳಲ್ಲಿ ತುಂಬುತ್ತದೆ, ಒಂದೊಂದು ದಾಖಲೆಯೋ 300 ಬೈಟ್ ಮಾತ್ರ. ಪುಟಪುಟದಲ್ಲೂ ಒಂದೊಂದು ದಾಖಲೆ ಖಾಲಿಯಾಯಿತೇ ಹೊರತು ಇಡೀ ಪುಟಗಳು ಖಾಲಿಯಾಗಲಿಲ್ಲ. ಕೊನೆಗೆ ದತ್ತಾಂಶವನ್ನೆಲ್ಲ ಒತ್ತಾಗಿ ಜೋಡಿಸಿ ಬರೆದ ಮೇಲಷ್ಟೇ ಯಂತ್ರ ಸುಧಾರಿಸಿಕೊಂಡದ್ದು. ಮಿತಿ ಮುಟ್ಟಿದ ಮೇಲೆ ಹೊಸ ಯಂತ್ರ ತಂದರೆ ತಕ್ಷಣ ಫಲ ಸಿಗುವುದಿಲ್ಲ, ಸಾಗಣೆಯೇ ಆ ಬಳಲಿದ ಯಂತ್ರಕ್ಕೆ ಮತ್ತಷ್ಟು ಭಾರ. ಯಾವುದೇ ಪಾಲು ಮಿತಿಯ ಮೂರನೇ ಎರಡು ಭಾಗ ತಲುಪುವ ಹೊತ್ತಿಗೆ ಸಾಗಣೆ ಶುರುವಾಗಿರಬೇಕು. ಒಂದೊಂದು ಹಳ್ಳಿ ಎಷ್ಟು ತೂಗುತ್ತಿದೆ ಎಂದು ಒಡೆಯುವ ಮೊದಲೂ ಆಮೇಲೂ ನೋಡುತ್ತಿರಬೇಕು:

```sql
SELECT village_id, count(*) AS n
FROM crop_survey
GROUP BY village_id
ORDER BY n DESC
LIMIT 10;
```

ಮೊದಲ ಸಾಲಿನ ಹಳ್ಳಿಯೊಂದೇ ಒಟ್ಟು ದತ್ತಾಂಶದ ದೊಡ್ಡ ಭಾಗ ಹಿಡಿದಿದ್ದರೆ ಹಳ್ಳಿ ಸಾಲದು, ಸರ್ವೆ ನಂಬರನ್ನೂ ಕೀಯಲ್ಲಿ ಸೇರಿಸಬೇಕು. ಬೀದರ್‌ನಂಥ ಜಿಲ್ಲೆಯ ಹೊಲಗಳ ವಿಷಯದಲ್ಲಿ ಅಂಥ ಪ್ರಸಂಗ ಬರುವುದು ಕಡಿಮೆ. ಆಸ್ತಿಗಳು ಕಿಕ್ಕಿರಿದ ದೊಡ್ಡ ನಗರಗಳ ದಾಖಲೆಯಲ್ಲಿ ಬರಬಹುದು.

ಸಾಗಿಸುವ ಕ್ರಮವನ್ನು ನೋಷನ್ ತಂಡ ವಿವರವಾಗಿ ದಾಖಲಿಸಿದೆ. ಮೊದಲು ಹೊಸ ಬರಹಗಳು ಹಳೆಯ ಮತ್ತು ಹೊಸ ಎರಡೂ ಕಡೆ ಹೋಗುವಂತೆ ಮಾಡಬೇಕು. ಆಮೇಲೆ ಹಳೆಯ ಸಾಲುಗಳನ್ನು ಹಿನ್ನೆಲೆಯಲ್ಲಿ ನಕಲಿಸಬೇಕು. ನಕಲಿಸುವಾಗ ಹೊಸ ಕಡೆ ಈಗಾಗಲೇ ಇರುವ ಹೆಚ್ಚು ತಾಜಾ ಸಾಲನ್ನು ಹಳೆಯದು ಅಳಿಸದಂತೆ ತಿದ್ದಿದ ಸಮಯ ಹೋಲಿಸಬೇಕು. ಮೂರನೆಯ ಹಂತದಲ್ಲಿ ಜನರಿಗೆ ಹಳೆಯ ಕಡೆಯಿಂದಲೇ ಉತ್ತರ ಕೊಡುತ್ತ, ಅದೇ ಪ್ರಶ್ನೆಯನ್ನು ಗುಟ್ಟಾಗಿ ಹೊಸ ಕಡೆಯೂ ಕೇಳಿ ಎರಡೂ ಉತ್ತರ ತಾಳೆಯಾಗುತ್ತವೆಯೇ ಎಂದು ನೋಡಬೇಕು. ವ್ಯತ್ಯಾಸ ನಿಂತ ಮೇಲೆ ಮಾತ್ರ ಬದಲಾವಣೆ. ಇಷ್ಟು ತಯಾರಿಯ ಫಲವಾಗಿ ಬಳಕೆದಾರರಿಗೆ ಸೇವೆ ನಿಂತದ್ದು ಮೊದಲೇ ತಿಳಿಸಿದ್ದ ಐದು ನಿಮಿಷ ಮಾತ್ರ. ಭೂದಾಖಲೆಯಂಥ ಕೆಲಸದಲ್ಲಿ ಮೊದಲು ಒಂದು ಹಳ್ಳಿ, ಆಮೇಲೆ ಒಂದು ಹೋಬಳಿ, ಹೀಗೆ ಸಾಗುವ ಅನುಕೂಲವೂ ಉಂಟು. ತಪ್ಪಾದರೂ ತೊಂದರೆ ಆ ಹಳ್ಳಿಗಷ್ಟೇ, `shard_map` ಕೋಷ್ಟಕದ ಒಂದು ಸಾಲು ಹಿಂದಕ್ಕೆ ತಿದ್ದಿದರೆ ಮೊದಲಿನ ಸ್ಥಿತಿ.

ಇದನ್ನು ಓದುತ್ತಿರುವ ತಂಡಗಳು ಶಾರ್ಡಿಂಗ್ ಬಗ್ಗೆ ಸಭೆ ಕರೆಯುವ ಮೊದಲು ಎರಡು ಕೆಲಸ ಮುಗಿಸಲಿ. ನಿನ್ನೆಯ ಬ್ಯಾಕಪ್ಪನ್ನು ಖಾಲಿ ಯಂತ್ರವೊಂದಕ್ಕೆ ಮರುಸ್ಥಾಪಿಸಿ ಹಿಡಿದ ಸಮಯ ಬರೆದಿಡಲಿ. ಒಂದು ತಿಂಗಳ ಪ್ರಶ್ನೆಗಳ ದಾಖಲೆ ತೆರೆದು, ಕೀ ಆಗಬಹುದು ಎಂದುಕೊಂಡ ಕಾಲಂ ನೂರರಲ್ಲಿ ಎಷ್ಟು ಪ್ರಶ್ನೆಗಳಲ್ಲಿ ಇದೆ ಎಂದು ಎಣಿಸಲಿ. ತೊಂಬತ್ತಕ್ಕೂ ಹೆಚ್ಚು ಪ್ರಶ್ನೆಗಳಲ್ಲಿ ಇದ್ದರೆ ಆ ಕೀ ಪರಿಗಣಿಸಲು ಯೋಗ್ಯ. ಅರ್ಧಕ್ಕೂ ಕಡಿಮೆ ಇದ್ದು, ಮರುಸ್ಥಾಪನೆಯೂ ಒಂದು ಗಂಟೆಯೊಳಗೆ ಮುಗಿಯುತ್ತಿದ್ದರೆ, ಈ ವರ್ಷದ ಹಣ ದೊಡ್ಡ ಸರ್ವರಿಗೇ ಹೋಗಲಿ.